ಎರಡು ಇಪ್ಪತ್ತರ ಸಹಿ

ಮಾತಿನಲ್ಲಿ ಹಾಲಸ್ವಾಮಿಯನ್ನು ಮೀರಿಸುವವರು ಆ ಬ್ಯಾಚಿನಲ್ಲಿ ಯಾರೂ ಇರಲಿಲ್ಲ. ಕಾಲೇಜು ಡೇ ಇರಲಿ, ಹಾಸ್ಟೆಲಿನ ಜಗಳವಿರಲಿ, ಮೈಕು ಕೈಗೆ ಸಿಕ್ಕರೆ ಸಾಕು, ಎದುರಿಗೆ ಕೂತವರು ಹೊಟ್ಟೆ ಹಿಡಿದುಕೊಂಡು ನಗುವ ಹಾಗೆ ಮಾಡಿಬಿಡುತ್ತಿದ್ದ. ನಲವತ್ತೆರಡು ಹೊಸ ಡಾಕ್ಟರುಗಳ ಬೀಳ್ಕೊಡುಗೆಯ ದಿನ ಮಾತಾಡಬೇಕಾದವನು ಯಾರು ಎಂದು ಯಾರೂ ಕೇಳಲೂ ಇಲ್ಲ, ಅವನ ಹೆಸರು ತಾನಾಗಿಯೇ ನಿಂತುಬಿಟ್ಟಿತು. ಅಂಥವನು ಶುಕ್ರವಾರ ಮಧ್ಯಾಹ್ನ ಬಾಗೇಕೆರೆ ಆಸ್ಪತ್ರೆಯ ಹಿಂದಿನ ತೆಂಗಿನ ತೋಟದಲ್ಲಿ, ಕ್ವಾರ್ಟರ್ಸಿನ ಜಗಲಿಯ ಮೇಲೆ ಕೂತು, ನಾಲ್ಕು ಹಾಳೆ ಸರಾಗವಾಗಿ ಬರೆದು ಮುಗಿಸಿ, ಐದನೆಯದರ ಮೇಲೆ ಪೆನ್ನು ಊರಲಾರದೆ ಒದ್ದಾಡುತ್ತಿದ್ದ.

ಅದು ಎಂಬತ್ತೆರಡನೇ ಇಸವಿ. ಪರೀಕ್ಷೆ ಪಾಸಾಗಿ ತರಬೇತಿಯಲ್ಲಿರುವ ಹೌಸ್ ಸರ್ಜನ್ನರು ವರ್ಷದ ಕೊನೆಯ ಮೂರು ತಿಂಗಳನ್ನು ಹಳ್ಳಿ ಕಡೆಯ ಆಸ್ಪತ್ರೆಯಲ್ಲಿ ಕಳೆಯಬೇಕೆಂಬುದು ನಿಯಮ. ಬಿಳಿಗೆರೆಯ ಕೊಬ್ಬರಿ ವ್ಯಾಪಾರಿ ಶಂಭುಲಿಂಗಯ್ಯನವರ ಮಗನಾದ ಹಾಲಸ್ವಾಮಿ ತನ್ನ ಮನೆಗೆ ಹತ್ತಿರವಾಗಲಿ ಎಂದು ಬಾಗೇಕೆರೆಯನ್ನೇ ಕೇಳಿ ಹಾಕಿಸಿಕೊಂಡಿದ್ದ. ತುರುವೇಕೆರೆ ರಸ್ತೆಯಿಂದ ಒಳಕ್ಕೆ ಎರಡು ಮೈಲಿ, ಇಪ್ಪತ್ತು ಹಾಸಿಗೆ, ಟ್ರಸ್ಟಿನವರು ನಡೆಸುವ ಆಸ್ಪತ್ರೆ. ಪ್ರತಿ ವರ್ಷದ ಹಾಗೆ ಬ್ಯಾಚಿನವರೆಲ್ಲ ಶನಿವಾರ ಕಾಲೇಜು ಬಸ್ಸಿನಲ್ಲಿ ಇಲ್ಲಿಗೇ ಬರುವುದು, ತೋಟದಲ್ಲಿ ಊಟ, ಎಳನೀರು, ಭಾಷಣ ಎಂದು ಅವನೇ ಏರ್ಪಾಡು ಮಾಡಿದ್ದ. ಸೋಮವಾರ ಬಂತೆಂದರೆ ಆಸ್ಪತ್ರೆಯ ಮುಖ್ಯಸ್ಥ ಡಾಕ್ಟರ್ ಕರಿಬಸವಯ್ಯನವರು ತರಬೇತಿ ಮುಗಿಸಿದ ಸರ್ಟಿಫಿಕೇಟಿಗೆ ಸಹಿ ಹಾಕುತ್ತಾರೆ. ಆಮೇಲೆ ಹೆಸರಿನ ಮುಂದೆ ಡಾಕ್ಟರ್ ಎಂದು ಹಾಕಿಕೊಳ್ಳಲು ಯಾರಪ್ಪನ ಅಪ್ಪಣೆಯೂ ಬೇಕಾಗಿಲ್ಲ.

ಮೊದಲ ನಾಲ್ಕು ಹಾಳೆ ಪೂರ್ತಿ, ಹೆಣ ಕೊಯ್ದು ಕಲಿಯುವ ಡಿಸೆಕ್ಷನ್ ಹಾಲಿನದು. ಭಾಷಣ ಇಂಗ್ಲಿಷಿನಲ್ಲಿರಬೇಕು, ಅದು ರೂಢಿ. ಮೊದಲ ವರ್ಷದ ಮೊದಲ ದಿನ ಆ ಉದ್ದನೆಯ ಹಾಲಿನ ಬಾಗಿಲು ದಾಟಿದೊಡನೆ ಹೆಣ ಕೆಡದಂತೆ ಹಾಕುವ ಫಾರ್ಮಾಲಿನ್ ಕಣ್ಣಿಗೆ ಹೊಡೆದು ನಲವತ್ತೆರಡು ಜನವೂ ಅತ್ತದ್ದು, ಅಳು ಹೆದರಿಕೆಯದೋ ಔಷಧಿಯದೋ ಎಂದು ಯಾರೂ ಒಪ್ಪಿಕೊಳ್ಳದಿದ್ದದ್ದು. ಕಲ್ಲಿನ ಮೇಜಿಗೆ ಎಂಟೆಂಟು ಜನ, ಒಂದು ಕೈಯ ಪಾಲಿಗೆ ನಾಲ್ವರು. ಒಬ್ಬ ಗಟ್ಟಿಯಾಗಿ ಓದುವುದು, ಒಬ್ಬ ಚರ್ಮ ಬಿಡಿಸುವುದು, ಉಳಿದಿಬ್ಬರು ಇಕ್ಕಳದಲ್ಲಿ ಹಿಡಿದು ಎಳೆಯುವುದು. ದಿನಾ ಮಧ್ಯಾಹ್ನ ಎರಡರಿಂದ ಐದು, ಪರೀಕ್ಷೆ ಹತ್ತಿರ ಬಂದರೆ ದೀಪ ಹಚ್ಚುವವರೆಗೂ ನಿಂತೇ ಇರುವುದು. ಚರ್ಮದ ಕೆಳಗಿನ ಹಳದಿ ಕೊಬ್ಬನ್ನು ಚೂರು ಚೂರೇ ಕೆರೆದು ತೆಗೆದರೆ ನೂಲಿನಷ್ಟು ತೆಳ್ಳಗಿನ ನರವೊಂದು ಕಾಣುತ್ತಿತ್ತು, ಅವಸರ ಮಾಡಿದರೆ ಅದೂ ಕೊಬ್ಬಿನ ಜೊತೆ ಬಕೆಟ್ಟಿಗೆ ಹೋಗುತ್ತಿತ್ತು. ಸಂಜೆ ಮನೆಗೆ ಹೋಗುವ ಮುಂಚೆ ದೇಹ ಒಣಗದ ಹಾಗೆ ಒದ್ದೆ ಬಟ್ಟೆ ಸುತ್ತಿಡಬೇಕು. ವಾಸನೆ ಬೆರಳು ಬಿಡುತ್ತಿರಲಿಲ್ಲವಾದ್ದರಿಂದ ಹುಡುಗರು ಆರು ತಿಂಗಳು ಮೊಸರನ್ನವನ್ನೂ ಚಮಚದಲ್ಲಿ ತಿಂದರು. ಹಾಲಸ್ವಾಮಿಯ ತಾಯಿ ಸಿದ್ದಗಂಗಮ್ಮ ಕೂದಲಿಗೆಂದು ಕಳಿಸುತ್ತಿದ್ದ ಗಾಣದ ಕೊಬ್ಬರಿಯೆಣ್ಣೆಯನ್ನು ಮೇಜಿಗೆ ನಿಲ್ಲುವ ಮೊದಲು ಎಂಟು ಜನವೂ ಕೈಗೆ ಸವರಿಕೊಳ್ಳುತ್ತಿದ್ದರು, ಹಾಗೆ ಮಾಡಿದರೆ ಜಿಡ್ಡು ಅಂಟುವುದಿಲ್ಲ ಎಂದು ನಂಬಿಕೊಂಡಿದ್ದರು. ಈಗ ಕೊಬ್ಬರಿಯೆಣ್ಣೆಯ ವಾಸನೆ ಬಂದರೆ ಅಮ್ಮನ ನೆನಪು ಬರುವುದಿಲ್ಲ, ನಾಲ್ಕನೇ ಮೇಜಿನ ನೆನಪು ಬರುತ್ತದೆ ಎಂದು ಬರೆದಿದ್ದ. ಇದು ನಗಿಸುವ ಮಾತು ಎಂದೇ ಅವನ ಲೆಕ್ಕ.

ನಾಲ್ಕನೇ ಹಾಳೆಯಲ್ಲಿ ಪ್ರೊಫೆಸರ್ ದ್ರಾಕ್ಷಾಯಣಮ್ಮನವರು ರೆಕಾರ್ಡ್ ಪುಸ್ತಕ ಎಸೆದ ಕತೆ. ತೋಳಿನ ದೊಡ್ಡ ರಕ್ತನಾಳ ಮೊಣಕೈ ಮಡಚುವ ಕಡೆ ಬಂದು ಎರಡು ಕವಲಾಗಿ ಒಡೆಯುತ್ತದೆ, ಎಲ್ಲ ಪುಸ್ತಕದಲ್ಲಿಯೂ ಹಾಗೇ ಇದೆ. ಇವರ ನಾಲ್ಕನೇ ಮೇಜಿನ ಮನುಷ್ಯನಿಗೆ ಮಾತ್ರ ಕಂಕುಳಿನ ಸ್ವಲ್ಪ ಕೆಳಗೇ ಒಡೆದಿತ್ತು. ಕೆಲವರಿಗೆ ಹಾಗಿರುತ್ತದೆ. ಹಾಲಸ್ವಾಮಿ ಅದನ್ನು ಕಣ್ಣಾರೆ ನೋಡಿಯೂ ರೆಕಾರ್ಡಿನಲ್ಲಿ ಪುಸ್ತಕದಲ್ಲಿದ್ದ ಹಾಗೆ ಮೊಣಕೈಗೇ ಒಡೆಸಿ, ಕೆಂಪು ಪೆನ್ಸಿಲ್ಲಿನಲ್ಲಿ ಅಂದವಾಗಿ ಚಿತ್ರ ಬರೆದು ತೋರಿಸಿದ. ದ್ರಾಕ್ಷಾಯಣಮ್ಮ ಒಂದು ಸಲ ಚಿತ್ರ ನೋಡಿದರು, ಒಂದು ಸಲ ಮೇಜು ನೋಡಿದರು, ರೆಕಾರ್ಡನ್ನು ಬಾಗಿಲಾಚೆ ಎಸೆದರು. "ಯಾರೂ ಕೇಳೋರಿಲ್ಲದೆ ಸತ್ತು ಈ ಮನುಷ್ಯ ನಿಮ್ಮ ಮುಂದೆ ಮಲಗಿದಾನೆ. ಇವನಲ್ಲಿರೋದನ್ನ ಇರೋ ಹಾಗೆ ಬರೀರಿ, ಅಷ್ಟೇ ನೀವು ಇವನಿಗೆ ಕೊಡಬಹುದಾದ ಮರ್ಯಾದೆ" ಎಂದರು. ಹಾಲಸ್ವಾಮಿ ಆ ರೆಕಾರ್ಡನ್ನು ಚರಂಡಿಯಿಂದ ಎತ್ತಿ ತೊಳೆದ ರೀತಿಯನ್ನು ಅಭಿನಯಿಸಿ ತೋರಿಸಬೇಕೆಂದು ಹಾಳೆಯ ಅಂಚಿನಲ್ಲಿ ಗುರುತು ಹಾಕಿಕೊಂಡಿದ್ದ. ಹಾಕಿಕೊಂಡ ಮೇಲೆ ಆ ಪ್ಯಾರಾವನ್ನು ಮತ್ತೆ ಓದಿದ. ಪೆನ್ನು ನಿಂತದ್ದು ಅಲ್ಲೇ.

ಏಕೆಂದರೆ ಐದನೇ ಹಾಳೆ ಕಾಲ್ ಬುಕ್ಕಿನದಾಗಬೇಕಿತ್ತು. ರಾತ್ರಿ ವಾರ್ಡಿನಲ್ಲಿ ಯಾರಿಗಾದರೂ ಹೆಚ್ಚುಕಮ್ಮಿಯಾದರೆ ಸಿಸ್ಟರ್ ಒಂದು ಉದ್ದ ಪುಸ್ತಕದಲ್ಲಿ ಹಾಸಿಗೆ ನಂಬರು, ರೋಗಿಯ ಸ್ಥಿತಿ, ಕರೆದ ಹೊತ್ತು ಬರೆದು ಅಟೆಂಡರ್ ಕೈಯಲ್ಲಿ ಕೊಟ್ಟು ಕಳಿಸುತ್ತಾಳೆ. ಅವನು ಡ್ಯೂಟಿ ಡಾಕ್ಟರನ್ನು ಎಬ್ಬಿಸಿ ತೋರಿಸುತ್ತಾನೆ. ಡಾಕ್ಟರು ಓದಿ, ಸಹಿ ಹಾಕಿ, ಪಕ್ಕದ ಕಾಲಮ್ಮಿನಲ್ಲಿ ಪುಸ್ತಕ ಕೈಗೆ ಬಂದ ಹೊತ್ತು ಬರೆಯಬೇಕು. ಬೀಳ್ಕೊಡುಗೆಯ ದಿನ ಈ ಪುಸ್ತಕವನ್ನು ವೇದಿಕೆಗೆ ತರಿಸಿ, ವರ್ಷದ ತಮಾಷೆಯ ಕಾಲ್‌ಗಳನ್ನು ಓದಿ ನಗಿಸುವುದು ಬಾಗೇಕೆರೆಯ ಸಂಪ್ರದಾಯ. ರಾತ್ರಿ ಒಂದಕ್ಕೆ, ಏಳನೇ ಹಾಸಿಗೆಯವನಿಗೆ ನಿದ್ದೆ ಬರುತ್ತಿಲ್ಲ, ಅವನ ಭಜನೆಯಿಂದ ಎಂಟನೆಯವನಿಗೂ ಬರುತ್ತಿಲ್ಲ. ಬೆಳಗಿನ ಜಾವ ನಾಲ್ಕಕ್ಕೆ, ಮೂರನೇ ಹಾಸಿಗೆಯ ಅಜ್ಜ ಕಾಣೆ, ತೋಟದಲ್ಲಿ ಎಳನೀರು ಕುಡಿಯುತ್ತಿರುವುದು ಪತ್ತೆ. ಇಂಥವು ಇಪ್ಪತ್ತಾದರೂ ಇದ್ದವು. ಅವುಗಳನ್ನು ಹುಡುಕಲು ಪುಸ್ತಕ ತಿರುವಿ ಹಾಕಿದಾಗೆಲ್ಲ ಅದೊಂದು ಪುಟ ತಾನೇ ಬಿಚ್ಚಿಕೊಳ್ಳುತ್ತಿತ್ತು.

ಇಪ್ಪತ್ತನಾಲ್ಕು ದಿನದ ಹಿಂದಿನ ಪುಟ. ಹಾಸಿಗೆ ಎರಡು, ಭೀಮಕ್ಕ, ಚಿಕ್ಕನಾಯಕನಹಳ್ಳಿ ಕಡೆಯ ಗೊಲ್ಲರಹಟ್ಟಿಯವಳು. ಹನ್ನೊಂದೂವರೆಗೆ ಹೆರಿಗೆ, ಗಂಡು ಮಗು. ಈಗ ರಕ್ತಸ್ರಾವ ಹೆಚ್ಚು, ನಾಡಿ ನೂರಾ ಇಪ್ಪತ್ತು, ತಕ್ಷಣ ಬರಬೇಕು. ಸಿಸ್ಟರ್ ಬರೆದ ಹೊತ್ತು ಎರಡು ಹತ್ತು.

ಆ ರಾತ್ರಿ ಹಾಲಸ್ವಾಮಿಗೆ ಅದು ಸತತ ಮೂರನೇ ಡ್ಯೂಟಿ. ಜೊತೆಯ ಹೌಸ್ ಸರ್ಜನ್ ತಂಗಿಯ ಮದುವೆಗೆ ಹೋಗಿದ್ದ, ಇವನು ಧಾರಾಳವಾಗಿ ಒಪ್ಪಿಕೊಂಡಿದ್ದ. ಕರೆಂಟು ಹೋಗಿತ್ತು. ಕಿಟಕಿಯ ಸರಳಿನಾಚೆ ಲಾಟೀನು, ಅದರ ಹಿಂದೆ ಅಟೆಂಡರ್ ಮಾಯಣ್ಣನ ಮುಖ, ಸರಳಿನೊಳಗೆ ತೂರಿ ಬಂದ ಪುಸ್ತಕ, ದಾರಕ್ಕೆ ಕಟ್ಟಿದ ಪೆನ್ನು. ಹಾಲಸ್ವಾಮಿ ಸಹಿ ಹಾಕಿದ. ಕೈಗಡಿಯಾರದ ಹಸಿರು ಮುಳ್ಳು ನೋಡಿದ, ಎರಡು ಇಪ್ಪತ್ತು. "ನಡಿ, ಬಂದೆ" ಎಂದ. ಹೊತ್ತು ಬರೆಯಲಿಲ್ಲ. ಪ್ಯಾಂಟು ಹುಡುಕಲು ಮಂಚದ ಮೇಲೆ ಕೂತ, ಕೂತವನು ಹಾಗೇ ಒರಗಿದ. ಇಷ್ಟೂ ಅವನಿಗೆ ಚೆನ್ನಾಗಿ ನೆನಪಿದೆ, ನೆನಪಿಲ್ಲ ಎಂದು ಹೇಳಿಕೊಳ್ಳುವ ಪುಣ್ಯವೂ ಅವನಿಗಿರಲಿಲ್ಲ.

ಕ್ವಾರ್ಟರ್ಸಿಗೂ ವಾರ್ಡಿಗೂ ನಡುವೆ ತೋಟ. ಹಾವು ಹರಿದಾಡುವ ಜಾಗವಾದ್ದರಿಂದ ಡಾಕ್ಟರಿಗೆ ಲಾಟೀನು ಹಿಡಿದು ಮುಂದೆ ನಡೆಯುವುದು ಅಟೆಂಡರ್ ಕೆಲಸ. ಸಹಿಯಾದ ಮೇಲೆ ಡಾಕ್ಟರನ್ನು ಮತ್ತೆ ಕೂಗಬಾರದು, ಬಾಗಿಲು ಬಡಿಯಬಾರದು ಎಂದು ಹಿಂದೆ ಯಾರೋ ಸಿಡುಕಿನವರು ಕಟ್ಟಪ್ಪಣೆ ಮಾಡಿ ಹೋಗಿದ್ದರು. ಮಾಯಣ್ಣ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತ. ಡಾಕ್ಟರು ಈಗ ಬಂದಾರು, ಈಗ ಬಂದಾರು ಎಂದು ಕೂತೇ ಇದ್ದ. ಅತ್ತ ಸಿಸ್ಟರ್ ಒಬ್ಬಳೇ ಮೆತ್ತಗಾದ ಗರ್ಭಕೋಶವನ್ನು ಹೊಟ್ಟೆಯ ಮೇಲಿಂದ ತಿಕ್ಕುತ್ತ, ಕೈ ತೆಗೆದರೆ ರಕ್ತ ನುಗ್ಗುವುದರಿಂದ ಕದಲಲಾರದೆ ನಿಂತಿದ್ದಳು. ಕೊನೆಗೆ ಭೀಮಕ್ಕನ ತಾಯಿ ಕರಿಯಕ್ಕನನ್ನೇ ಕ್ವಾರ್ಟರ್ಸಿಗೆ ಓಡಿಸಿದಳು. ಕತ್ತಲಲ್ಲಿ ಎದ್ದು ಬಿದ್ದು ಬಂದ ಕರಿಯಕ್ಕನಿಗೆ ಕಂಡದ್ದು ಲಾಟೀನಿನ ಪಕ್ಕ ಗೋಡೆಗೊರಗಿ ಕೂತ ಮಾಯಣ್ಣ. ಅವಳು ಕಿರುಚಿದ್ದಕ್ಕೆ ಹಾಲಸ್ವಾಮಿಗೆ ಎಚ್ಚರವಾಯಿತು.

ಅವನು ವಾರ್ಡು ತಲುಪಿದಾಗ ಮೂರು ಐದು. ಆಮೇಲೆ ಮಾಡಬೇಕಾದದ್ದನ್ನೆಲ್ಲ ಮಾಡಿದ. ಎರಡೂ ಕೈಗೆ ಸಲೈನ್ ಏರಿಸಿದ, ಗರ್ಭಕೋಶ ಬಿಗಿಯಾಗಲು ಇಂಜೆಕ್ಷನ್ ಕೊಟ್ಟ, ಒಳಗೆ ಕೈ ಹಾಕಿ ಉಳಿದಿದ್ದ ಮಾಸಿನ ಚೂರನ್ನು ತೆಗೆದ, ಒಳಗೊಂದು ಹೊರಗೊಂದು ಕೈಯಿಂದ ಗರ್ಭಕೋಶವನ್ನು ಅದುಮಿ ಹಿಡಿದ. ರಕ್ತ ನಿಂತಿತು. ಅಷ್ಟು ಹೊತ್ತಿಗೆ ಅವಳಲ್ಲಿ ರಕ್ತವೇ ಹೆಚ್ಚು ಉಳಿದಿರಲಿಲ್ಲ. ತಿಪಟೂರಿಗೆ ಸಾಗಿಸಲು ಜೀಪು ಬರುವಷ್ಟರಲ್ಲಿ, ಮೂರು ಐವತ್ತಕ್ಕೆ, ಭೀಮಕ್ಕ ಹೋಗಿಬಿಟ್ಟಳು.

ಬೆಳಿಗ್ಗೆ ಕರಿಬಸವಯ್ಯನವರು ಪುಸ್ತಕ ಮುಂದಿಟ್ಟುಕೊಂಡು ಅವನನ್ನು ಕೂರಿಸಿದರು. ಕೆಟ್ಟ ಮನುಷ್ಯರೇನಲ್ಲ, ಇಪ್ಪತ್ತು ವರ್ಷದಿಂದ ಅದೇ ಆಸ್ಪತ್ರೆಯಲ್ಲಿ ಸವೆದವರು. ಹೊತ್ತಿನ ಕಾಲಮ್ಮು ಖಾಲಿಯಿದೆಯಲ್ಲಪ್ಪ, ನೀನು ವಾರ್ಡಿಗೆ ಬಂದದ್ದು ಎಷ್ಟಕ್ಕೆ ಎಂದು ಕೇಳಿದರು. ಮೂರು ಐದಕ್ಕೆ ಎಂದ. ಅದನ್ನೇ ಬರಿ ಎಂದರು. ಹಾಲಸ್ವಾಮಿ ಬರೆದ. ಕೇಳಿದ ಪ್ರಶ್ನೆ ಬೇರೆ, ಆ ಕಾಲಮ್ಮು ಕೇಳುವ ಪ್ರಶ್ನೆ ಬೇರೆ ಎಂದು ಅವನಿಗೆ ಗೊತ್ತಿತ್ತು, ಬಹುಶಃ ಅವರಿಗೂ ಗೊತ್ತಿತ್ತು. ಒಂದು ಸಾಲು ತುಂಬಿದ್ದೇ ತಡ, ಪುಸ್ತಕ ಡಾಕ್ಟರ ಕೈಗೆ ಬಂದದ್ದೇ ಮೂರು ಐದಕ್ಕೆ ಎಂದಾಗಿ, ಎರಡು ಹತ್ತರಿಂದ ಮೂರು ಐದರವರೆಗಿನ ಅಷ್ಟೂ ಹೊತ್ತು ಮಾಯಣ್ಣನ ತಲೆಗೆ ಬಂತು. ಪುಸ್ತಕ ಹಿಡಿದು ದಾರಿಯಲ್ಲೇ ನಿದ್ದೆ ಹೊಡೆದ ಎಂದಾಯಿತು. ಕರಿಯಕ್ಕ ತಾನು ಕಂಡದ್ದನ್ನು ಹೇಳಿದಳು, ಅದು ಅದಕ್ಕೆ ಸರಿಯಾಗಿ ಕೂತಿತು. ಅವತ್ತೇ ಅವನನ್ನು ಕೆಲಸದಿಂದ ನಿಲ್ಲಿಸಿದರು. ಸೋಮವಾರ ಟ್ರಸ್ಟಿನ ಸಭೆ, ಪೂರ್ತಿ ತೆಗೆದುಹಾಕುವ ಕಾಗದ ಟೈಪಾಗಿ ಸಿದ್ಧವಿತ್ತು. ಅದೇ ಸೋಮವಾರ, ಅದೇ ಮೇಜಿನ ಮೇಲೆ, ಹಾಲಸ್ವಾಮಿಯ ಸರ್ಟಿಫಿಕೇಟು.

ಜಗಲಿಯ ಕೆಳಗೆ ಒಣಗಿದ ಗರಿ ಸದ್ದಾಯಿತು. ನೋಡಿದರೆ ಮಾಯಣ್ಣನೇ ನಿಂತಿದ್ದ. ಇಪ್ಪತ್ತನಾಲ್ಕು ದಿನದಲ್ಲಿ ಹತ್ತು ವರ್ಷ ವಯಸ್ಸಾದವನ ಹಾಗೆ ಇಳಿದುಹೋಗಿದ್ದ. ಹಾಲಸ್ವಾಮಿ, ಬೈಯಲು ಬಂದನೇನೋ ಎಂದುಕೊಂಡ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಾಯಣ್ಣ ಬಂದದ್ದು ನಾಳೆ ಊಟಕ್ಕೆ ಎಲೆ ಹಾಕಲು, ನೀರು ಬಡಿಸಲು ತನ್ನನ್ನೂ ಸೇರಿಸಿಕೊಳ್ಳಿ ಎಂದು ಕೇಳಲು. ಹತ್ತು ವರ್ಷದಿಂದ ಎಲ್ಲ ಬ್ಯಾಚಿಗೂ ಬಡಿಸಿದ್ದೇನೆ, ಇದೊಂದು ತಪ್ಪಬಾರದು ಎಂದ. ಹಾಲಸ್ವಾಮಿ ತಲೆಯಾಡಿಸಿದ. ಅಷ್ಟಕ್ಕೆ ಹೋಗಬಹುದಿತ್ತು, ಹೋಗಲಿಲ್ಲ.

"ಕೂತಿದ್ದಂತೂ ನಿಜ ಸ್ವಾಮಿ" ಎಂದ ಮಾಯಣ್ಣ, ನೆಲ ನೋಡುತ್ತ. "ಸಹಿ ಹಾಕಿಸ್ಕಂಡು ಕೂತ್ನೋ, ಕೂತು ನಿದ್ದೆ ತೆಗ್ದು ಆಮೇಲೆ ಸಹಿ ಹಾಕಿಸ್ಕಂಡ್ನೋ, ಅದೇ ಗೊತ್ತಾಯ್ತಿಲ್ಲ. ಮೊದ್ಲು ಸಹಿ ಅಂತ್ಲೇ ಅನ್ಕಂಡಿದ್ದೆ. ಬುಕ್ನಾಗೆ ಮೂರು ಐದು ಅಂತ ಐತಂತೆ. ಓದಿದೋರು ಬರ್ದಿರೋದು ಸುಳ್ಳಾಯ್ತದಾ? ನನ್ ತಲೆನೇ ಕೆಟ್ಟೈತೆ ಅಂತ ಕಾಣ್ತದೆ."

ಹಾಲಸ್ವಾಮಿ ಹಾಳೆಗಳನ್ನು ಜೋಡಿಸತೊಡಗಿದ. ಮಾಯಣ್ಣನೇ ಮುಂದುವರಿಸಿದ. ತಾಯಿಯಿಲ್ಲದ ಮಗು ಹಾಲಿಲ್ಲದೆ ಅಳುತ್ತದೆ ಎಂದು ಕೇಳಿ, ತನ್ನಲ್ಲಿದ್ದ ಒಂದೇ ಕರೆಯುವ ಮೇಕೆಯನ್ನು ಹೆಂಡತಿ ಕೊಲ್ಲಾಪುರಮ್ಮನ ಜೊತೆ ಜಗಳವಾಡಿ ಹೊಡೆದುಕೊಂಡು ಹೋಗಿ ಕರಿಯಕ್ಕನ ಹಟ್ಟಿಯಲ್ಲಿ ಕಟ್ಟಿ ಬಂದಿದ್ದನಂತೆ. ಕರಿಯಕ್ಕ ಮೇಕೆ ಇಟ್ಟುಕೊಂಡಳು, ಇವನ ಮುಖ ಮಾತ್ರ ನೋಡಲಿಲ್ಲ. ನೋಡದಿದ್ದದ್ದೇ ನ್ಯಾಯ ಎಂದ ಮಾಯಣ್ಣ. ಆಮೇಲೆ ಹೆಗಲ ಟವೆಲಿನಿಂದ ಜಗಲಿಯ ಧೂಳು ಹೊಡೆದು, ನಾಳೆ ಬೇಗ ಬತ್ತೀನಿ ಎಂದು ಹೊರಟುಹೋದ.

ಆ ರಾತ್ರಿ ವಾರ್ಡಿನಿಂದ ಯಾವ ಕರೆಯೂ ಬರಲಿಲ್ಲ. ಹಾಲಸ್ವಾಮಿಗೆ ನಿದ್ದೆಯೂ ಬರಲಿಲ್ಲ.

ಶನಿವಾರ ತೋಟದ ತುಂಬ ಜನ. ಕಾಲೇಜು ಬಸ್ಸು ಬಂತು, ನಲವತ್ತು ಗೆಳೆಯರು ಕೇಕೆ ಹಾಕುತ್ತ ಇಳಿದರು. ಶಂಭುಲಿಂಗಯ್ಯನವರು ಬಿಳಿಗೆರೆಯಿಂದ ಗಾಡಿ ತುಂಬ ಎಳನೀರು ತಂದು, ಜರಿಯಂಚಿನ ಪೇಟ ಸುತ್ತಿಕೊಂಡು ಮುಂದಿನ ಸಾಲಿನಲ್ಲಿ ಕೂತರು. ಇಂಗ್ಲಿಷ್ ಬಾರದಿದ್ದರೂ ಮಗನ ಭಾಷಣಕ್ಕೆ ಎಲ್ಲರಿಗಿಂತ ಮೊದಲು ನಗಲು ತಯಾರಾಗಿದ್ದರು. ಪಕ್ಕದಲ್ಲಿ ಕರಿಬಸವಯ್ಯನವರು. ಹಿಂದೆ, ತೆಂಗಿನ ಮರಕ್ಕೆ ಒರಗಿ, ನೀರಿನ ಚೊಂಬು ಹಿಡಿದು ಮಾಯಣ್ಣ.

ಹಾಲಸ್ವಾಮಿ ಎದ್ದು ಶುರು ಮಾಡಿದ. ಫಾರ್ಮಾಲಿನ್ ಕಣ್ಣೀರಿಗೆ ನಕ್ಕರು, ಕೊಬ್ಬರಿಯೆಣ್ಣೆಗೆ ಶಿಳ್ಳೆ ಹಾಕಿದರು. ರೆಕಾರ್ಡಿನ ಕತೆಗೆ ಬಂದ. ದ್ರಾಕ್ಷಾಯಣಮ್ಮನವರ ದನಿಯನ್ನು ಅಣಕಿಸಬೇಕಾದ ಕಡೆ ಅಣಕ ಬರಲಿಲ್ಲ, ಅವರ ಮಾತು ಅವರು ಹೇಳಿದ ಹಾಗೇ ಬಂತು. ಚರಂಡಿಯ ಅಭಿನಯ ಬಿಟ್ಟ. ಒಂದಿಬ್ಬರು ಮಾತ್ರ ನಕ್ಕರು. ಹಿಂದಿನಿಂದ ಯಾರೋ ಕಾಲ್ ಬುಕ್, ಕಾಲ್ ಬುಕ್ ಎಂದು ಕೂಗಿದರು, ಪುಸ್ತಕ ವೇದಿಕೆಗೆ ಬಂತು. ನಿದ್ದೆ ಬಾರದ ಏಳನೇ ಹಾಸಿಗೆ ಓದಿದ. ಎಳನೀರಿನ ಅಜ್ಜನನ್ನು ಓದಿದ. ತೋಟವೇ ನಕ್ಕಿತು. ಮಾಯಣ್ಣನೂ ನಕ್ಕ. ಅರ್ಥವಾಗಿ ಅಲ್ಲ, ಅಷ್ಟು ಜನ ನಗುತ್ತಿದ್ದಾರಲ್ಲ ಎಂದು. ಆ ನಗುವನ್ನು ಹಾಲಸ್ವಾಮಿಗೆ ನೋಡಲಾಗಲಿಲ್ಲ.

ಅವನು ಪುಟ ತಿರುವಿದ. ಒಂದು ಕ್ಷಣ ಇಂಗ್ಲಿಷಿನಲ್ಲೇ ಹೇಳಿಬಿಡಲೇ ಎನ್ನಿಸಿತು. ಹೇಳಿದಂತೆಯೂ ಆಗುತ್ತದೆ, ಅಪ್ಪನಿಗೂ ಮಾಯಣ್ಣನಿಗೂ ತಿಳಿಯುವುದೂ ಇಲ್ಲ. ಮನುಷ್ಯ ಎಂಥ ಸಂಕಟದಲ್ಲೂ ಒಂದು ಕಳ್ಳ ಬಾಗಿಲು ಹುಡುಕುತ್ತಾನೆ ನೋಡಿ. ಆಮೇಲೆ ಕನ್ನಡದಲ್ಲಿ, ತನ್ನೂರಿನ ಕನ್ನಡದಲ್ಲಿ, ಮರದ ಕಡೆ ತಿರುಗಿ ಹೇಳಿದ.

"ಮಾಯಣ್ಣ, ಇದು ನೀನು ಕೇಳ್ಬೇಕಾದ್ದು. ಭೀಮಕ್ಕನಿಗೆ ಬಂದ ಕರೆ. ಸಿಸ್ಟರ್ ಬರ್ದಿದ್ದು ಎರಡು ಹತ್ತಕ್ಕೆ. ನೀನು ಬಂದು ನನ್ನ ಎಬ್ಬಿಸ್ದೆ. ನಾನು ಗಡಿಯಾರ ನೋಡ್ದೆ, ಎರಡು ಇಪ್ಪತ್ತು. ಸಹಿ ಹಾಕ್ದೆ, ಬಂದೆ ಅಂದೆ, ಮಲಗಿಬುಟ್ಟೆ. ಇಲ್ಲಿರೋ ಮೂರು ಐದು ನಾನು ಬೆಳಿಗ್ಗೆ ಬರ್ದಿದ್ದು. ನೀನು ನಿದ್ದೆ ಮಾಡ್ಲಿಲ್ಲ. ನಿದ್ದೆ ಮಾಡಿದೋನು ನಾನು."

ಯಾರೋ ಒಬ್ಬ ಇದೂ ತಮಾಷೆಯೆಂದು ಚಪ್ಪಾಳೆ ತಟ್ಟಿ ಅರ್ಧಕ್ಕೆ ನಿಲ್ಲಿಸಿದ. ಹಾಲಸ್ವಾಮಿ ಪೆನ್ನು ತೆಗೆದು, ಮೂರು ಐದಕ್ಕೆ ಅಡ್ಡಗೆರೆ ಎಳೆದು, ಮೇಲೆ ಎರಡು ಇಪ್ಪತ್ತು ಎಂದು ಬರೆದು, ಅವತ್ತಿನ ತಾರೀಕು ಹಾಕಿ ಮತ್ತೊಂದು ಸಹಿ ಮಾಡಿದ. ವೇದಿಕೆಯಿಂದ ಇಳಿದುಬಿಟ್ಟ. ಎಲೆ ಹಾಕಿದ್ದರು, ಯಾರೂ ಸರಿಯಾಗಿ ಉಣ್ಣಲಿಲ್ಲ. ಗೆಳೆಯರಲ್ಲಿ ಕೆಲವರು ಹತ್ತಿರ ಬಂದರು, ಕೆಲವರು ದೂರದಿಂದಲೇ ಬಸ್ಸು ಹತ್ತಿದರು. ಸಹಿ ಹಾಕಿ ಮತ್ತೆ ಮಲಗಿದ ರಾತ್ರಿ ಅವರಲ್ಲೂ ಅನೇಕರಿಗೆ ಇದ್ದೀತು, ಅವರ ರೋಗಿಗಳು ಬದುಕಿಕೊಂಡಿದ್ದರು ಅಷ್ಟೇ.

ಕರಿಬಸವಯ್ಯನವರು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಬಂದರು. ಸರ್ಟಿಫಿಕೇಟು ಸೋಮವಾರ ಆಗುವುದಿಲ್ಲ, ಕಾಲೇಜಿಗೂ ಮೆಡಿಕಲ್ ಕೌನ್ಸಿಲ್ಲಿಗೂ ಬರೆಯಬೇಕಾಗುತ್ತದೆ, ಮುಂದಿನದು ತಮ್ಮ ಕೈಯಲ್ಲಿಲ್ಲ, ತಮ್ಮನ್ನೂ ಕೇಳುತ್ತಾರೆ ಎಂದರು. ಮಾಯಣ್ಣನ ಕಾಗದ ಹರಿದುಹಾಕುತ್ತೇನೆ ಎಂದರು. ಅವರ ದನಿಯಲ್ಲಿ ಸಿಟ್ಟಿತ್ತು, ಅದು ಯಾರ ಮೇಲಿನದೋ ಅವರಿಗೂ ಗೊತ್ತಿದ್ದಂತಿರಲಿಲ್ಲ. ಶಂಭುಲಿಂಗಯ್ಯನವರು ಪೇಟ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಗಾಡಿಯಲ್ಲಿ ಕೂತಿದ್ದರು. ಮಗ ಹತ್ತಿರ ಹೋದರೆ, ನಿಮ್ಮಮ್ಮನಿಗೆ ನೀನೇ ಹೇಳು ಎಂದಷ್ಟೇ ಅಂದು ಎತ್ತು ಹೊಡೆಸಿದರು.

ಎಲ್ಲರೂ ಹೋದ ಮೇಲೆ ಮಾಯಣ್ಣ ಎಂಜಲೆಲೆ ಎತ್ತಿ, ಕೈ ತೊಳೆದು ಬಂದ.

"ಹಂಗಾರೆ ನಾನು ನಿದ್ದೆ ಹೊಡೀಲಿಲ್ವಾ ಸ್ವಾಮಿ?" ಎಂದು ಕೇಳಿದ.

"ಇಲ್ಲ ಮಾಯಣ್ಣ."

ಮಾಯಣ್ಣ ನೆಲಕ್ಕೆ ಕುಕ್ಕರಿಸಿ ಕೂತು, ಟವೆಲನ್ನು ಮುಖಕ್ಕೆ ಒತ್ತಿಕೊಂಡು ಅತ್ತ. ಅತ್ತು ಮುಗಿದ ಮೇಲೆ ಆಡಿದ ಮಾತು ಹಾಲಸ್ವಾಮಿ ಎಣಿಸಿದ್ದಲ್ಲ. "ಎಚ್ಚರಾಗೇ ಇದ್ದೆ ಅಂದ್ರೆ ಬಾಗ್ಲಾದ್ರೂ ಬಡೀಬೋದಿತ್ತು. ಬಡೀಲಿಲ್ವಲ್ಲ" ಎಂದ. ಟವೆಲನ್ನು ಹೆಗಲಿಗೆ ಹಾಕಿಕೊಂಡು, ಇಲ್ಲಿ ಹೇಳಿದ್ದು ಇಲ್ಲಿಯವರಿಗಾಯಿತು, ಕರಿಯಕ್ಕನಿಗೆ ಯಾರು ಹೇಳುತ್ತಾರೆ ಎಂದು ಕೇಳಿದ.

ಮಾಯಣ್ಣ ಲಾಟೀನು ಎತ್ತಿಕೊಂಡ, ಇಬ್ಬರೂ ಸಂಜೆಯ ಬಸ್ಸು ಹಿಡಿದು, ಇಳಿದು, ಹೊಲದ ದಾರಿಯಲ್ಲಿ ಎರಡು ಮೈಲಿ ನಡೆದರು. ಹಟ್ಟಿ ಮುಟ್ಟಿದಾಗ ಕತ್ತಲಾಗುತ್ತಿತ್ತು. ಮುಳ್ಳಿನ ಬೇಲಿಯ ಪಕ್ಕ ಕರಿಯಕ್ಕ ಕೂತು ಮೇಕೆ ಕರೆಯುತ್ತಿದ್ದಳು, ಮಗು ಬೆನ್ನಿನ ಜೋಲಿಯಲ್ಲಿತ್ತು. ಮಾಯಣ್ಣನನ್ನು ಕಂಡು ಮುಖ ತಿರುಗಿಸಿದಳು. ಹಾಲಸ್ವಾಮಿ ಚಪ್ಪಲಿ ಬಿಟ್ಟು ನಿಂತು, ತೋಟದಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದ. ನಲವತ್ತು ಜನರ ಮುಂದೆ ಹೇಳುವುದಕ್ಕಿಂತ ಈ ಒಬ್ಬಳ ಮುಂದೆ ಹೇಳುವುದು ಕಷ್ಟವಾಯಿತು. ಅವಳು ಕರೆಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡಳು. ಕೆಚ್ಚಲು ಬರಿದಾದ ಮೇಲೆ ಚೊಂಬು ಪಕ್ಕಕ್ಕಿಟ್ಟು ತಲೆಯೆತ್ತಿದಳು.

"ನೀನು ಕರೆದೇಟ್ಗೆ ಎದ್ದು ಬಂದಿದ್ರೆ ನನ್ ಮಗ್ಳು ಉಳೀತಿದ್ಲಾ?"

ಇದಕ್ಕೆ ಡಾಕ್ಟರುಗಳ ಹತ್ತಿರ ಸಿದ್ಧ ಉತ್ತರ ಇರುತ್ತದೆ. ಹೇಳಕ್ಕಾಗಲ್ಲಮ್ಮ, ಕೇಸು ಹಾಗಿತ್ತು, ನಮ್ಮ ಕೈಲಿ ಏನಿದೆ ಎಂದು ಮೇಲೆ ನೋಡಬಹುದು. ಹಾಲಸ್ವಾಮಿಗೂ ಅದು ಬಾಯಿಗೆ ಬಂತು. ಮಾಸಿನ ಚೂರು ಎಷ್ಟಿತ್ತು, ಎಷ್ಟು ಸಲೀಸಾಗಿ ಕೈಗೆ ಬಂತು, ಬಂದೊಡನೆ ರಕ್ತ ಹೇಗೆ ನಿಂತಿತು ಎಂಬುದನ್ನು ಅವನು ಕಣ್ಣಾರೆ ನೋಡಿದ್ದ.

"ಉಳೀತಿದ್ಲು ಕಣಕ್ಕ" ಎಂದ.

ಕರಿಯಕ್ಕ ಅವನನ್ನು ಬೈಯಲಿಲ್ಲ. ಎದ್ದು, ಬೆನ್ನಿನ ಮಗುವನ್ನು ಬಿಚ್ಚಿ ಮಡಿಲಿಗೆ ಹಾಕಿಕೊಂಡು, ಬೆರಳಿಗೆ ಸುತ್ತಿದ ಬಟ್ಟೆಯನ್ನು ಹಾಲಿಗದ್ದಿ ಅದರ ಬಾಯಿಗಿಟ್ಟಳು. ಹಾಲಸ್ವಾಮಿಯ ಕಡೆ ಮತ್ತೆ ನೋಡಲಿಲ್ಲ. ಮಾಯಣ್ಣನ ಕಡೆಗೆ ಮಾತ್ರ, ಇಪ್ಪತ್ತೈದು ದಿನದಲ್ಲಿ ಮೊದಲ ಸಲ, ತಿರುಗಿದಳು.

"ನಿನ್ ತಪ್ಪೇನೂ ಇರ್ಲಿಲ್ಲ ಅಂದ್ಮೇಲೆ ಮೇಕೆ ಯಾಕಪ್ಪ ಇಲ್ಲಿ. ಹೊಡ್ಕಂಡೋಗು."

ಮಾಯಣ್ಣ ಗೂಟದ ಹತ್ತಿರ ಹೋಗಿ, ಹಗ್ಗ ಸಡಿಲವಾಗಿದ್ದುದನ್ನು ಇನ್ನೊಂದು ಸುತ್ತು ಬಿಗಿದು ಕಟ್ಟಿದ. "ಮಗ ಈ ಹಾಲ್ಗೆ ಒಗ್ಗೋಗೈತೆ, ಇರ್ಲಿ ಬುಡಕ್ಕ" ಎಂದ. ಆಮೇಲೆ ಲಾಟೀನು ಹಚ್ಚಿಕೊಂಡು, ಎಂದಿನ ಹಾಗೆ ಡಾಕ್ಟರಿಗಿಂತ ಎರಡು ಹೆಜ್ಜೆ ಮುಂದೆ, ಹೊಲದ ದಾರಿಗೆ ಇಳಿದ.